ಮಾರದ ಹೊಲಕ್ಕೂ ತೆರಿಗೆ

ನೋಡಿ, ತೆರಿಗೆ ಅಂದರೆ ನಮಗೆಲ್ಲ ಗೊತ್ತಿರೋದು ಒಂದೇ ನಿಯಮ. ದುಡ್ಡು ಕೈಗೆ ಬಂದರೆ ಅದರಲ್ಲಿ ಸರ್ಕಾರಕ್ಕೊಂದು ಪಾಲು. ಸಂಬಳ ಬಂತು, ಪಾಲು ಕೊಟ್ಟೆವು. ಸೈಟು ಮಾರಿದೆವು, ಲಾಭ ಬಂತು, ಪಾಲು ಕೊಟ್ಟೆವು. ಆದರೆ ಏನೂ ಮಾರದೆ, ಒಂದು ರೂಪಾಯಿಯೂ ಕೈಗೆ ಬರದೆ, ಬರೀ "ನಾನು ಈ ದೇಶ ಬಿಟ್ಟು ಹೋಗ್ತಿದ್ದೀನಿ" ಅಂದಿದ್ದಕ್ಕೆ ತೆರಿಗೆ ಬಿದ್ದರೆ? ಅದೂ ಆ ದೇಶದಲ್ಲಿರುವ ಆಸ್ತಿಗೆ ಮಾತ್ರವಲ್ಲ, ಮೂಡಲಗಿ ತಾಲ್ಲೂಕಿನ ಕಬ್ಬಿನ ಹೊಲಕ್ಕೂ ಬಿದ್ದರೆ?

ಇದು ಕಲ್ಪನೆಯಲ್ಲ. ಇದಕ್ಕೆ ಎಕ್ಸಿಟ್ ಟ್ಯಾಕ್ಸ್ ಅಂತಾರೆ. ಕನ್ನಡದಲ್ಲಿ ನಿರ್ಗಮನ ತೆರಿಗೆ ಅನ್ನೋಣ. ನಮ್ಮ ದೇಶದಲ್ಲಿ ಊರು ಬಿಟ್ಟು ವಿದೇಶಕ್ಕೆ ಹೋಗುವ ವ್ಯಕ್ತಿಯ ಮೇಲೆ ಇಂಥ ತೆರಿಗೆ ಇಲ್ಲ. ಹಾಗಾಗಿ ಇದು ನಮಗೆ ಸಂಬಂಧವಿಲ್ಲದ ವಿಷಯ ಅನಿಸಬಹುದು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಅಮೆರಿಕಕ್ಕೆ ಹೋಗಿ, ಹತ್ತಿಪ್ಪತ್ತು ವರ್ಷ ದುಡಿದು, "ಅಪ್ಪ-ಅವ್ವಗ ವಯಸ್ಸಾತು, ಇನ್ನ ಸಾಕು" ಅಂತ ವಾಪಸ್ ಬರಲು ಹೊರಟವರ ಮನೆಯಲ್ಲಿ ಇದು ನಿಜವಾದ ಪ್ರಶ್ನೆ. ನಾನೂ ಎಂಜಿನಿಯರಿಂಗ್ ಓದಿದವನೇ. ನನ್ನ ವಯಸ್ಸಿನ ಎಂಜಿನಿಯರುಗಳಲ್ಲಿ ಅಲ್ಲಿ ಗ್ರೀನ್ ಕಾರ್ಡ್ ಹಿಡಿದು ಕೂತವರು ಕಡಿಮೆಯೇನಿಲ್ಲ. ಅದಕ್ಕೇ ಈ ತೆರಿಗೆ ಎಲ್ಲಿ ಹುಟ್ಟಿತು, ಹೇಗೆ ರೂಪ ಬದಲಿಸಿತು, ಕೊನೆಗೆ ಘಟಪ್ರಭಾ ದಂಡೆಗೆ ಹೇಗೆ ಬಂತು ಅನ್ನೋ ಕಥೆಯನ್ನ ಮೊದಲಿನಿಂದ ಹೇಳ್ತೀನಿ.

ಕಥೆ ಶುರುವಾಗೋದು ಜರ್ಮನಿಯಲ್ಲಿ. 1931ರ ಡಿಸೆಂಬರ್ 8. ಜಗತ್ತಿನ ಆರ್ಥಿಕ ಕುಸಿತದಲ್ಲಿ ಜರ್ಮನಿಯ ಬ್ಯಾಂಕುಗಳು ಮುಳುಗುತ್ತಿದ್ದವು, ಶ್ರೀಮಂತರು ದುಡ್ಡು ಕಟ್ಟಿಕೊಂಡು ಹೊರಗೆ ಓಡುತ್ತಿದ್ದರು. ಬ್ರೂನಿಂಗ್ ಸರ್ಕಾರ ತುರ್ತು ಆಜ್ಞೆಯೊಂದನ್ನು ಹೊರಡಿಸಿತು. ಎರಡು ಲಕ್ಷ ಮಾರ್ಕ್‌ಗಿಂತ ಹೆಚ್ಚು ಆಸ್ತಿ ಇದ್ದವನು ದೇಶ ಬಿಟ್ಟರೆ ಆಸ್ತಿಯ ಶೇಕಡ 25ರಷ್ಟನ್ನು ಇಟ್ಟು ಹೋಗಬೇಕು. ಆಗ ಅದರ ಉದ್ದೇಶ ಬಂಡವಾಳ ಓಡಿಹೋಗದಂತೆ ತಡೆಯೋದು, ಅಷ್ಟೇ. ಆದರೆ ಹದಿಮೂರು ತಿಂಗಳಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. 1934ರಲ್ಲಿ ಆ ಮಿತಿಯನ್ನು ಎರಡು ಲಕ್ಷದಿಂದ ಐವತ್ತು ಸಾವಿರ ಮಾರ್ಕ್‌ಗೆ ಇಳಿಸಿದರು. ಯಾಕೆ? ಆಗ ದೇಶ ಬಿಡುತ್ತಿದ್ದವರು ಯಹೂದಿಗಳು. ಜೀವ ಉಳಿಸಿಕೊಳ್ಳಲು ಹೊರಟವರಿಂದ ನಾಲ್ಕನೇ ಒಂದು ಪಾಲು ಕಿತ್ತುಕೊಳ್ಳುವ ಯಂತ್ರವಾಯಿತು ಆ ಕಾನೂನು. ಇವತ್ತಿಗೂ ಯುರೋಪಿನಲ್ಲಿ ಎಕ್ಸಿಟ್ ಟ್ಯಾಕ್ಸ್ ಅಂದಾಗ ಕೆಲವರು ಬೆಚ್ಚಿಬೀಳೋದು ಈ ನೆನಪಿಗೆ.

ಒಂದು ವ್ಯತ್ಯಾಸವನ್ನು ಮಾತ್ರ ಇಲ್ಲೇ ಗುರುತು ಹಾಕಿಕೊಳ್ಳಿ. ಅವತ್ತಿನ ತೆರಿಗೆ ಇಡೀ ಆಸ್ತಿಯ ಮೇಲೆ. ಇವತ್ತಿನದು ಆಸ್ತಿಯ ಮೇಲಲ್ಲ, ಆಸ್ತಿಯ ಬೆಲೆ ಏರಿದೆಯಲ್ಲ, ಆ ಏರಿಕೆಯ ಮೇಲೆ. ಏರಿದೆ, ಆದರೆ ಇನ್ನೂ ಮಾರಿಲ್ಲ. ಅಂದರೆ ಲಾಭ ಕಾಗದದ ಮೇಲಿದೆ, ಕೈಯಲ್ಲಿಲ್ಲ.

ಈ ಹೊಸ ರೂಪಕ್ಕೂ ಕಾರಣವಾದವನು ಒಬ್ಬ ಜರ್ಮನ್ನನೇ. ಹೆಸರು ಹೆಲ್ಮುಟ್ ಹಾರ್ಟನ್. ದೊಡ್ಡ ದೊಡ್ಡ ಅಂಗಡಿಗಳ ಸರಣಿಯ ಮಾಲೀಕ. ಇವನ ಸಾಮ್ರಾಜ್ಯ ಶುರುವಾಗಿದ್ದು 1936ರಲ್ಲಿ, ಡೂಯಿಸ್‌ಬರ್ಗ್ ಊರಿನಲ್ಲಿ ಯಹೂದಿ ಮಾಲೀಕರ ಅಂಗಡಿಯೊಂದನ್ನು ಕೊಂಡು. ಆ ಮಾಲೀಕರು ದೇಶ ಬಿಟ್ಟು ಅಮೆರಿಕಕ್ಕೆ ಹೋದರು. ಇತಿಹಾಸದ ವ್ಯಂಗ್ಯ ನೋಡಿ. ಮೂವತ್ತೆರಡು ವರ್ಷದ ನಂತರ, 1968ರಲ್ಲಿ, ಹಾರ್ಟನ್ ತಾನೇ ಜರ್ಮನಿ ಬಿಟ್ಟ. ಹೋಗಿದ್ದು ಸ್ವಿಟ್ಜರ್‌ಲೆಂಡ್‌ಗೆ. ಅಲ್ಲಿ ಕೂತು ತನ್ನ ಕಂಪನಿಯ ಷೇರುಗಳನ್ನು ನೂರು ಕೋಟಿ ಮಾರ್ಕ್‌ಗೂ ಮೀರಿದ ಬೆಲೆಗೆ ಮಾರಿದ. ಜರ್ಮನಿಗೆ ತೆರಿಗೆ? ಇಲ್ಲ. ಮಾರುವ ಹೊತ್ತಿಗೆ ಅವನು ಅಲ್ಲಿನ ನಿವಾಸಿಯೇ ಅಲ್ಲ. ಅಂಗಡಿಗಳು ಬೆಳೆದದ್ದು ಜರ್ಮನಿಯಲ್ಲಿ, ಲಾಭಕ್ಕೆ ತೆರಿಗೆ ಮಾತ್ರ ಇಲ್ಲ. ಜನ ಸಿಟ್ಟಾದರು. 1972ರಲ್ಲಿ ಜರ್ಮನಿ ಹೊಸ ಕಾನೂನು ತಂತು: ಕಂಪನಿಯಲ್ಲಿ ದೊಡ್ಡ ಪಾಲು ಇಟ್ಟುಕೊಂಡವನು ದೇಶ ಬಿಟ್ಟರೆ, ಬಿಟ್ಟ ದಿನ ಆ ಷೇರುಗಳನ್ನು ಮಾರಿದ ಹಾಗೆ ಲೆಕ್ಕ. ಜನ ಅದಕ್ಕೆ ಇಟ್ಟ ಹೆಸರೇ "ಲೆಕ್ಸ್ ಹಾರ್ಟನ್", ಹಾರ್ಟನ್ ಕಾನೂನು.

ಈ "ಮಾರಿದ ಹಾಗೆ ಲೆಕ್ಕ" ಅನ್ನೋ ಮೂರು ಪದ ಇದೆಯಲ್ಲ, ಅದೇ ಇಡೀ ಎಕ್ಸಿಟ್ ಟ್ಯಾಕ್ಸ್‌ನ ಬೀಜ. ಇದರ ಹಿಂದಿನ ನ್ಯಾಯವೂ ಸರಳ. ನನ್ನ ದೇಶದಲ್ಲಿದ್ದಾಗ ಬೆಳೆದ ಲಾಭ ನನ್ನ ತೆರಿಗೆ ಬುಟ್ಟಿಗೆ ಸೇರಿದ್ದು. ನೀನು ಹೋಗು, ಆದರೆ ಅದರ ಲೆಕ್ಕ ಮುಗಿಸಿ ಹೋಗು. ಹಾರ್ಟನ್ ಕಥೆ ಕೇಳಿದವರಿಗೆ ಇದು ತಪ್ಪು ಅನ್ನಿಸೋದಿಲ್ಲ. ನನಗೂ ಅನ್ನಿಸಲ್ಲ.

ಅಮೆರಿಕ ಈ ದಾರಿಗೆ ಬಂದಿದ್ದು ತಡವಾಗಿ. ಅಲ್ಲಿ 2008ರ ಜೂನ್ 17ರಿಂದ ಹೊಸ ನಿಯಮ. ಪೌರತ್ವ ಬಿಡುವವರಿಗೆ ಮಾತ್ರವಲ್ಲ, ಬಹುಕಾಲ ಗ್ರೀನ್ ಕಾರ್ಡ್ ಇಟ್ಟುಕೊಂಡು ಅದನ್ನು ವಾಪಸ್ ಕೊಡುವವರಿಗೂ ಅನ್ವಯ. ಬಿಡುವ ಹಿಂದಿನ ದಿನ ಜಗತ್ತಿನಲ್ಲಿ ಎಲ್ಲೆಲ್ಲಿ ಏನೇನು ಆಸ್ತಿ ಇದೆಯೋ ಬಹುತೇಕ ಅದೆಲ್ಲವನ್ನೂ ಮಾರುಕಟ್ಟೆ ಬೆಲೆಗೆ ಮಾರಿದ ಹಾಗೆ ಲೆಕ್ಕ. ಜರ್ಮನಿಯದು ದೊಡ್ಡ ಪಾಲಿನ ಷೇರಿಗೆ ಹಾಕಿದ ಬಲೆ. ಅಮೆರಿಕದ್ದು ಕೆರೆಗೇ ಹಾಕಿದ ಬಲೆ.

ಆ ಬಲೆಗೆ ಯಾರು ಬೀಳ್ತಾರೆ? ಮೊದಲು ಸಮಾಧಾನದ ಮಾತು. ಗ್ರೀನ್ ಕಾರ್ಡ್ ಇಲ್ಲದೆ ಬರೀ ಎಚ್-1ಬಿ ವೀಸಾದ ಮೇಲೆ ಇದ್ದವರಿಗೆ, ಎಷ್ಟೇ ವರ್ಷ ಇದ್ದಿರಲಿ, ಇದು ಇಲ್ಲ. ಗ್ರೀನ್ ಕಾರ್ಡ್ ಇದ್ದವರಲ್ಲಿ, ಕಳೆದ 15 ತೆರಿಗೆ ವರ್ಷಗಳಲ್ಲಿ ಕನಿಷ್ಠ 8 ವರ್ಷ ಅದು ಇದ್ದವರು ಮಾತ್ರ ಲೆಕ್ಕಕ್ಕೆ. ಅವರಲ್ಲೂ ಮೂರರಲ್ಲಿ ಒಂದು ಷರತ್ತು ತಾಗಬೇಕು. ನಿವ್ವಳ ಆಸ್ತಿ 20 ಲಕ್ಷ ಡಾಲರ್ ಅಥವಾ ಹೆಚ್ಚು ಇರಬೇಕು. ಇಲ್ಲವೇ ಹಿಂದಿನ ಐದು ವರ್ಷ ಸರಾಸರಿ ಕಟ್ಟಿದ ಆದಾಯ ತೆರಿಗೆ ನಿಗದಿತ ಮೊತ್ತ ದಾಟಿರಬೇಕು, 2025ಕ್ಕೆ ಅದು 2 ಲಕ್ಷ 6 ಸಾವಿರ ಡಾಲರ್. ಇಲ್ಲವೇ ಹಿಂದಿನ ಐದು ವರ್ಷ ತೆರಿಗೆ ನಿಯಮಗಳನ್ನು ಪೂರ್ತಿ ಪಾಲಿಸಿದ್ದೇನೆ ಅಂತ ಫಾರ್ಮ್ 8854ರಲ್ಲಿ ಪ್ರಮಾಣ ಮಾಡಲು ಆಗದೇ ಇರಬೇಕು.

ಇಲ್ಲಿ ಎರಡು ಗುಂಡಿಗಳಿವೆ. ಒಂದು, ಎಂಟು ವರ್ಷದ ಎಣಿಕೆ. ಕ್ಯಾಲೆಂಡರ್ ವರ್ಷದಲ್ಲಿ ಒಂದೇ ದಿನ ಕಾರ್ಡ್ ಇದ್ದರೂ ಅದು ಒಂದು ವರ್ಷ. 2018ರ ಡಿಸೆಂಬರ್ 20ಕ್ಕೆ ಕಾರ್ಡ್ ಸಿಕ್ಕಿತು, 2025ರ ಜನವರಿ 5ಕ್ಕೆ ಬಿಟ್ಟಿರಿ ಅಂದುಕೊಳ್ಳಿ. ನಿಮ್ಮ ಪ್ರಕಾರ ಆರು ವರ್ಷ ಚಿಲ್ಲರೆ. ಅವರ ಪ್ರಕಾರ 2018ರಿಂದ 2025ರವರೆಗೆ ಎಂಟು! ಡಿಸೆಂಬರ್ 31ರೊಳಗೆ ಬಿಟ್ಟಿದ್ದರೆ ಏಳೇ ವರ್ಷ, ಈ ತೆರಿಗೆಯ ಮಾತೇ ಇರುತ್ತಿರಲಿಲ್ಲ. ಐದು ದಿನದ ವ್ಯತ್ಯಾಸ.

ಎರಡನೇ ಗುಂಡಿ ನಮ್ಮ ಹೊಲದ್ದೇ. ಊರಿನ ಹೊಲದಿಂದ ಕಬ್ಬಿನ ಬಿಲ್ ಬರುತ್ತೆ, ಅಥವಾ ಲಾವಣಿ ದುಡ್ಡು ಬರುತ್ತೆ. ಭಾರತದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಅಮೆರಿಕದ ರಿಟರ್ನ್‌ನಲ್ಲಿ ಅದನ್ನು ತೋರಿಸುವ ಯೋಚನೆಯೇ ಎಷ್ಟೋ ಜನರಿಗೆ ಬರಲ್ಲ. ಆದರೆ ಗ್ರೀನ್ ಕಾರ್ಡ್ ಇದ್ದವನು ಜಗತ್ತಿನ ಯಾವ ಮೂಲೆಯ ಆದಾಯವನ್ನೂ ಅಲ್ಲಿ ತೋರಿಸಬೇಕು. ನಮ್ಮ ವಿನಾಯಿತಿ ಅವರಿಗೆ ಲೆಕ್ಕಕ್ಕಿಲ್ಲ. ಐದು ವರ್ಷ ತೋರಿಸದೆ ಇದ್ದರೆ ಮೂರನೇ ಷರತ್ತಿನ ಪ್ರಮಾಣವನ್ನು ಹೇಗೆ ಮಾಡ್ತೀರಿ? ಮಾಡಲಾಗದಿದ್ದರೆ ಆಸ್ತಿ 20 ಲಕ್ಷ ಡಾಲರ್ ಇಲ್ಲದಿದ್ದರೂ ಬಲೆಯೊಳಗೆ.

ಈಗ ಘಟಪ್ರಭಾ ದಂಡೆಗೆ ಬರೋಣ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಬಿಟ್ಟ ನೀರು ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಎಡದಂಡೆ ಕಾಲುವೆಗೆ ತಿರುಗಿ ಮೂಡಲಗಿ ಕಡೆ ಹರಿಯುತ್ತೆ. ನೀರು ಹರಿದ ಕಡೆ ಕಬ್ಬು, ಕಬ್ಬು ಬೆಳೆದ ಕಡೆ ಸಕ್ಕರೆ ಕಾರ್ಖಾನೆ, ಅದರ ಹಿಂದೆ ಹೊಲದ ಬೆಲೆ. ಹೊಲ ಇದ್ದಲ್ಲೇ ಇದೆ, ಉತಾರದಲ್ಲಿ ಹೆಸರೂ ಅದೇ ಇದೆ, ಬೆಲೆ ಮಾತ್ರ ಹಲವು ಪಟ್ಟು. ಕೈಗೆ ಬರದ ಲಾಭ ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಯಾರೂ ವಿವರಿಸಲಾರರು.

ಒಂದು ಲೆಕ್ಕ ಹಾಕೋಣ. ಅಂಕಿಗಳು ನಾನು ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಯಮ ನಿಜದ್ದು. ಮೂಡಲಗಿ ಕಡೆಯ ಒಬ್ಬ ಎಂಜಿನಿಯರ್. ಅಣ್ಣತಮ್ಮಂದಿರ ವಾಟ್ನಿ ಆಗಿ ಅವನ ಪಾಲಿನ ಹೊಲ ಅವನ ಹೆಸರಿಗೆ ಬಂದಿದೆ. 2006ರಲ್ಲಿ ಅಮೆರಿಕಕ್ಕೆ ಹೋದ. 2014ರಲ್ಲಿ ಗ್ರೀನ್ ಕಾರ್ಡ್ ಬಂತು. 2025ರಲ್ಲಿ ಅದನ್ನು ಬಿಟ್ಟು ಊರಿಗೆ ಬರ್ತಿದ್ದಾನೆ. ಅಲ್ಲಿನ ಮನೆ ಮಾರಿ ಆಗಿದೆ, ಬ್ಯಾಂಕಿನಲ್ಲಿ 4 ಲಕ್ಷ ಡಾಲರ್ ಇದೆ. ಕಂಪನಿಯ ಷೇರುಗಳಿವೆ, ಕೊಂಡಾಗ 2 ಲಕ್ಷ ಡಾಲರ್, ಈಗ 12 ಲಕ್ಷ. ಇವೆರಡೂ ಸೇರಿ 16 ಲಕ್ಷ ಡಾಲರ್. ತೆರಿಗೆಯ ಸರಾಸರಿ ಮಿತಿಯೊಳಗಿದೆ, ರಿಟರ್ನ್‌ಗಳೆಲ್ಲ ಸರಿ ಇವೆ. ಹಾಗಾದರೆ ಅವನು ಪಾರು, ಅಲ್ವಾ?

ಅಲ್ಲ. ಹೊಲ ಲೆಕ್ಕಕ್ಕೆ ಬಂದಿಲ್ಲ. ಹೊಲದ ಇವತ್ತಿನ ಬೆಲೆ 4 ಕೋಟಿ 25 ಲಕ್ಷ ರೂಪಾಯಿ ಅಂತ ಹಿಡಿಯೋಣ. ಡಾಲರ್‌ಗೆ 85 ರೂಪಾಯಿಯಂತೆ 5 ಲಕ್ಷ ಡಾಲರ್. ಒಟ್ಟು 21 ಲಕ್ಷ. 20 ಲಕ್ಷದ ಗೆರೆ ದಾಟಿಸಿದ್ದು ಕಬ್ಬಿನ ಹೊಲ!

ಮುಂದೆ ಲಾಭದ ಲೆಕ್ಕ. ಷೇರಿನಲ್ಲಿ 10 ಲಕ್ಷ ಡಾಲರ್. ಹೊಲದಲ್ಲಿ ಎಷ್ಟು? ಇಲ್ಲಿ ಕಾನೂನು ಒಂದು ರಿಯಾಯಿತಿ ಕೊಟ್ಟಿದೆ. ಅಮೆರಿಕದ ತೆರಿಗೆ ನಿವಾಸಿ ಆಗುವ ಮೊದಲೇ ನಿನ್ನಲ್ಲಿದ್ದ ಆಸ್ತಿಗೆ, ನೀನು ಮೊದಲ ಸಲ ನಿವಾಸಿಯಾದ ದಿನದ ಮಾರುಕಟ್ಟೆ ಬೆಲೆಯನ್ನೇ ಮೂಲ ಬೆಲೆ ಅಂತ ಹಿಡಿಯಬಹುದು. ನ್ಯಾಯವೂ ಹೌದು, ಅದಕ್ಕಿಂತ ಹಿಂದಿನ ಏರಿಕೆ ಅಮೆರಿಕದ್ದಲ್ಲವಲ್ಲ. 2006ರಲ್ಲಿ ಹೊಲದ ಬೆಲೆ 45 ಲಕ್ಷ ರೂಪಾಯಿ, ಆಗ ಡಾಲರ್‌ಗೆ 45 ರೂಪಾಯಿ, ಅಂದರೆ 1 ಲಕ್ಷ ಡಾಲರ್ ಅನ್ನೋಣ. ಲಾಭ 4 ಲಕ್ಷ ಡಾಲರ್.

ಎರಡೂ ಸೇರಿ 14 ಲಕ್ಷ ಡಾಲರ್ ಲಾಭ. ಇದರಲ್ಲಿ 2025ಕ್ಕೆ 8 ಲಕ್ಷ 90 ಸಾವಿರ ಡಾಲರ್‌ವರೆಗೆ ವಿನಾಯಿತಿ ಇದೆ. ಉಳಿದದ್ದು 5 ಲಕ್ಷ 10 ಸಾವಿರ. ಬಂಡವಾಳ ಲಾಭದ ದರ ಶೇ 15, ಮೇಲೆ ಹೂಡಿಕೆ ಆದಾಯದ ಹೆಚ್ಚುವರಿ ಶೇ 3.8 ಅಂತ ಹಿಡಿದರೆ ತೆರಿಗೆ ಸುಮಾರು 96 ಸಾವಿರ ಡಾಲರ್. ನಮ್ಮ ದುಡ್ಡಲ್ಲಿ 81 ಲಕ್ಷಕ್ಕೂ ಮೇಲೆ. ವಿನಾಯಿತಿಯನ್ನು ಎಲ್ಲ ಆಸ್ತಿಗೂ ಲಾಭದ ಪ್ರಮಾಣದಲ್ಲಿ ಹಂಚಬೇಕು. ಹಾಗೆ ಹಂಚಿದರೆ ಹೊಲವೊಂದರ ಪಾಲಿಗೇ 23 ಲಕ್ಷ ರೂಪಾಯಿ ತೆರಿಗೆ. ಅಲ್ಲಿನ ರಾಜ್ಯದ ತೆರಿಗೆ ಬೇರೆ.

ಊರಲ್ಲಿ ಅಪ್ಪ ಕೇಳ್ತಾರೆ: "ಹೊಲಾ ಮಾರಿಲ್ಲಲ್ಲೋ ತಮ್ಮಾ, ಟ್ಯಾಕ್ಸ್ ಯಾತಕ್ಕ?" ಇದಕ್ಕೆ ಮಗ ಏನು ಹೇಳಬೇಕು? ಷೇರಾದರೆ ಒಂದಿಷ್ಟು ಮಾರಿ ತೆರಿಗೆ ಕಟ್ಟಬಹುದು. ಹೊಲದ ಒಂದು ಮೂಲೆ ಕತ್ತರಿಸಿ ಅಮೆರಿಕದ ಖಜಾನೆಗೆ ಕಳಿಸಲಾದೀತೇ?

ಇನ್ನೊಂದು ವಿಚಿತ್ರ ಕೇಳಿ. ಇದೇ ಹೊಲವನ್ನು ಅವನು ನಿಜವಾಗಿ ಮಾರಿದ್ದರೆ ಭಾರತದಲ್ಲಿ ತೆರಿಗೆ ಎಷ್ಟು? ಸೊನ್ನೆ ಆಗಿರುವ ಸಾಧ್ಯತೆ ಹೆಚ್ಚು. ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಗ್ರಾಮೀಣ ಕೃಷಿ ಭೂಮಿ ಬಂಡವಾಳ ಆಸ್ತಿಯೇ ಅಲ್ಲ. ಹತ್ತು ಸಾವಿರದಿಂದ ಒಂದು ಲಕ್ಷದೊಳಗಿನ ಜನಸಂಖ್ಯೆಯ ಪಟ್ಟಣವಾದರೆ ಅದರ ಗಡಿಯಿಂದ ಎರಡು ಕಿಲೋಮೀಟರ್ ಆಚೆಗಿನ ಹೊಲ ಗ್ರಾಮೀಣ. 2011ರ ಜನಗಣತಿಯಲ್ಲಿ ಗೋಕಾಕ ಪಟ್ಟಣವೂ ಒಂದು ಲಕ್ಷ ದಾಟಿರಲಿಲ್ಲ. ಇಲ್ಲಿ ತೆರಿಗೆ ಇಲ್ಲದಿದ್ದರೆ ಖುಷಿ ಪಡಬೇಕು, ಅಲ್ವಾ? ಆದರೆ ಇಲ್ಲಿ ಕಟ್ಟಿದ್ದನ್ನು ಅಲ್ಲಿ ಕಳೆಯೋಣ ಅಂದರೆ, ಕಟ್ಟಿದ್ದೇ ಇಲ್ಲವಲ್ಲ! ಹಾಗಾಗಿ ಅಮೆರಿಕದ ತೆರಿಗೆ ಪೂರ್ತಿ ತಲೆಗೆ ಬೀಳುತ್ತೆ. ಅದೇ ಬೆಳಗಾವಿಯ ಸೈಟು ಆಗಿದ್ದರೆ ಕಥೆ ಬೇರೆ, ಆದರೆ ಸುಲಭವಲ್ಲ. ಇವತ್ತು ಅಮೆರಿಕಕ್ಕೆ ಲೆಕ್ಕದ ಮಾರಾಟಕ್ಕೆ ತೆರಿಗೆ, ಹತ್ತು ವರ್ಷ ಬಿಟ್ಟು ನಿಜವಾಗಿ ಮಾರಿದಾಗ ಅದೇ ಲಾಭಕ್ಕೆ ಭಾರತದಲ್ಲಿ ಮತ್ತೆ ತೆರಿಗೆ. ಎರಡರ ವರ್ಷ ಬೇರೆ ಬೇರೆ, ಒಂದರಿಂದ ಇನ್ನೊಂದನ್ನು ಕಳೆಯೋಕೆ ದಾರಿ ಕಷ್ಟ.

ಕಾನೂನಿನಲ್ಲಿ ಮುಂದೂಡುವ ಅವಕಾಶ ಇಲ್ಲ ಅಂತಲ್ಲ. ಆಸ್ತಿ ನಿಜವಾಗಿ ಮಾರುವವರೆಗೆ ತೆರಿಗೆ ತಡೆಹಿಡಿಯಲು ಅರ್ಜಿ ಹಾಕಬಹುದು. ಆದರೆ ಭದ್ರತೆ ಇಡಬೇಕು, ವರ್ಷ ವರ್ಷ ಬಡ್ಡಿ ಏರುತ್ತೆ. ಪೀಳಿಗೆಗಟ್ಟಲೆ ಮಾರದ ಹೊಲಕ್ಕೆ ಬಡ್ಡಿ ಎಲ್ಲಿಯವರೆಗೆ?

ಈ ಕಷ್ಟ ವ್ಯಕ್ತಿಗಳಿಗೆ ಮಾತ್ರವಲ್ಲ, ಕಂಪನಿಗಳಿಗೂ ಇದೆ. ಬೆಂಗಳೂರಿನ ಗ್ರೋ ಕಂಪನಿ ಗೊತ್ತಲ್ಲ, ಷೇರು ಕೊಳ್ಳೋ ಆ್ಯಪ್? ಕೆಲಸ ಪೂರ್ತಿ ಇಲ್ಲೇ, ಗ್ರಾಹಕರೂ ಇಲ್ಲಿನವರೇ. ಆದರೆ ಹೂಡಿಕೆದಾರರ ಅನುಕೂಲಕ್ಕೆ ಅದರ ತಾಯಿ ಕಂಪನಿ ಅಮೆರಿಕದ ಡೆಲಾವೇರ್‌ನಲ್ಲಿ ನೋಂದಣಿಯಾಗಿತ್ತು. 2024ರಲ್ಲಿ ಅದನ್ನು ಭಾರತದ ಕಂಪನಿಯೊಳಗೆ ವಿಲೀನ ಮಾಡಿ ಮನೆಗೆ ಬಂದರು. ಆ ಸ್ಥಳಾಂತರಕ್ಕೆ ಅಮೆರಿಕದಲ್ಲಿ ಬಿದ್ದ ತೆರಿಗೆ ಸುಮಾರು 1,340 ಕೋಟಿ ರೂಪಾಯಿ. ಆ ವರ್ಷ ವ್ಯಾಪಾರದಲ್ಲಿ ಅವರ ಲಾಭ 535 ಕೋಟಿ. ತೆರಿಗೆ ಕಳೆದ ಮೇಲೆ ಲೆಕ್ಕಪುಸ್ತಕದಲ್ಲಿ ಉಳಿದದ್ದು 805 ಕೋಟಿ ನಷ್ಟ! ವ್ಯಾಪಾರದಲ್ಲಿ ಸೋತಿದ್ದಕ್ಕಲ್ಲ, ವಿಳಾಸ ಬದಲಿಸಿದ್ದಕ್ಕೆ. ಗ್ರೋಗೆ ಅದನ್ನು ಭರಿಸುವ ಶಕ್ತಿ ಇತ್ತು. ಕಾರಣ ಇಷ್ಟೇ, ಹಿಂದೆ ದೊಡ್ಡ ಹೂಡಿಕೆದಾರರ ದುಡ್ಡಿತ್ತು. ನಮ್ಮ ಎಂಜಿನಿಯರ್ ಹಿಂದೆ ಇರೋದು ಅಪ್ಪನ ಹೊಲ.

ನನ್ನ ತಕರಾರು ಇರೋದು ಇಲ್ಲಿ. ಹಾರ್ಟನ್‌ನಂಥವರನ್ನು ಹಿಡಿಯಲು ಹುಟ್ಟಿದ ತತ್ವ ಸರಿ ಇತ್ತು. ಆದರೆ ಅಮೆರಿಕ 20 ಲಕ್ಷ ಡಾಲರ್‌ನ ಗೆರೆಯನ್ನು ಎಳೆದು ಹಾಗೇ ಬಿಟ್ಟಿದೆ. ವಿನಾಯಿತಿ ಮೊತ್ತ 2008ರಲ್ಲಿ 6 ಲಕ್ಷ ಇದ್ದದ್ದು ಹಣದುಬ್ಬರದ ಜೊತೆ ಏರಿ 2025ಕ್ಕೆ 8 ಲಕ್ಷ 90 ಸಾವಿರಕ್ಕೆ ಬಂತು. 20 ಲಕ್ಷ ಮಾತ್ರ ಇಂದಿಗೂ 20 ಲಕ್ಷವೇ. ಷೇರು ಏರಿತು, ಹೊಲ ಏರಿತು, ಗೆರೆ ಏರಲಿಲ್ಲ. ಅವತ್ತು ಕೋಟ್ಯಧಿಪತಿಗೆ ಎಳೆದ ಗೆರೆಯ ಮೇಲೆ ಇವತ್ತು ಸಂಬಳದಾರ ನಿಂತಿದ್ದಾನೆ.

ಹಾಗಾದರೆ ಮಾಡೋದೇನು? ಗ್ರೀನ್ ಕಾರ್ಡ್ ಬಿಡುವ ಯೋಚನೆ ಇದ್ದವರು ಮೊದಲು ಎಂಟು ವರ್ಷದ ಎಣಿಕೆಯನ್ನು ಕ್ಯಾಲೆಂಡರ್ ಹಿಡಿದು ಮಾಡಲಿ. ಕಬ್ಬಿನ ಬಿಲ್ ತೋರಿಸದಿದ್ದರೆ ಹೊರಡುವ ಮೊದಲೇ ಹಳೆಯ ರಿಟರ್ನ್ ಸರಿಪಡಿಸಲಿ. "ತಮ್ಮನ ಹೆಸರಿಗೆ ಮಾಡಿಬಿಡ್ತೀನಿ" ಅನ್ನುವವರು ಅಮೆರಿಕದಲ್ಲಿ ದಾನಕ್ಕೂ ಬೇರೆ ತೆರಿಗೆ, ಬೇರೆ ಫಾರ್ಮ್ ಇದೆ ಅನ್ನೋದನ್ನ ಮರೆಯದಿರಲಿ. ಈ ಎರಡೂ ದೇಶದ ತೆರಿಗೆ ಬಲ್ಲವರನ್ನು ಕಾರ್ಡ್ ವಾಪಸ್ ಕೊಡುವ ಮೊದಲೇ ಕಾಣಲಿ, ಕೊಟ್ಟ ಮೇಲೆ ಅಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಕಾಗದ. ನೀವು ಅಮೆರಿಕದ ನಿವಾಸಿಯಾದ ದಿನ ಹೊಲದ ಬೆಲೆ ಎಷ್ಟಿತ್ತು ಅನ್ನೋದಕ್ಕೆ ಸಾಕ್ಷಿ. ನಮ್ಮ ಲೆಕ್ಕದಲ್ಲಿ 1 ಲಕ್ಷ ಡಾಲರ್ ಲಾಭ ಕಡಿಮೆಯಾಗಿದ್ದು ಆ ಒಂದು ಅಂಕಿಯಿಂದ. ಸಾಕ್ಷಿ ಇಲ್ಲದಿದ್ದರೆ ಆ ಅಂಕಿಯನ್ನು ಯಾರು ನಂಬುತ್ತಾರೆ? ಅಜ್ಜನ ಕಾಲದ ಬೆಲೆಗೆ ಇಳಿದುಬಿಟ್ಟರೆ ಹೆಚ್ಚುಕಡಿಮೆ ಇಡೀ ಬೆಲೆಯೇ ಲಾಭ. ಆ ವರ್ಷದ ಮಾರ್ಗಸೂಚಿ ದರ, ಅಕ್ಕಪಕ್ಕದ ಹೊಲ ಆಗ ಮಾರಾಟವಾದ ಖರೀದಿ ಪತ್ರಗಳ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತವೆ. ಅವನ್ನಿಟ್ಟುಕೊಂಡು ಮೌಲ್ಯಮಾಪಕರಿಂದ ವರದಿ ಬರೆಸಬಹುದು. ತಂದೆ ತೀರಿಕೊಂಡು ವಾರಸಾ ಹಕ್ಕಿನಿಂದ ಬಂದ ಹೊಲವಾದರೆ ತೀರಿಕೊಂಡ ದಿನದ ಬೆಲೆ ಬೇಕು. ತಂದೆ ಇನ್ನೂ ಬದುಕಿದ್ದು ಹೊಲ ಅವರದೇ ಸ್ವಂತದ್ದಾದರೆ ಅದು ನಿಮ್ಮ ಲೆಕ್ಕಕ್ಕೆ ಬರೋದೇ ಇಲ್ಲ.

ಈ ವರ್ಷ ಗೋಕಾಕದಿಂದಲೋ ಹುಕ್ಕೇರಿಯಿಂದಲೋ ವೀಸಾ ಹಿಡಿದು ಹೊರಟಿರುವ ಹುಡುಗ-ಹುಡುಗಿಯರಿದ್ದೀರಿ. ಸೂಟ್‌ಕೇಸಿನಲ್ಲಿ ಕರದಂಟು ಇಟ್ಟುಕೊಳ್ಳುತ್ತೀರಿ, ಇಟ್ಟುಕೊಳ್ಳಿ. ಹೆಸರಿಗೆ ಹೊಲ ಇದ್ದರೆ ಅದರ ಇವತ್ತಿನ ಬೆಲೆಯ ಒಂದು ವರದಿಯನ್ನೂ ಬರೆಸಿ ಮನೆಯ ಟ್ರಂಕಿನಲ್ಲಿ ಇಟ್ಟು ಹೋಗಿ. ಇವತ್ತು ಅದಕ್ಕೆ ಬೀಳೋದು ಸಣ್ಣ ಖರ್ಚು. ವಾಪಸ್ ಬರುವ ದಿನ ಅದರ ಬೆಲೆ ಲಕ್ಷಗಳಲ್ಲಿರುತ್ತೆ.